ಎಟಿಎಂನಿಂದ ಬಾರದ 10,000 ರೂಪಾಯಿ: ಸಿಟ್ಟಿನಲ್ಲಿ ಬರೆದ ದೂರನ್ನು ತಿದ್ದಿಕೊಡುತ್ತೀರಾ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪ ಮಾರ್ಚ್ 3ರ ಸಂಜೆ ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಹೋದರು. ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ಬ್ಯಾಂಕಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿದ್ದಾಯಿತು, ಪ್ರಯೋಜನ ಆಗಿಲ್ಲ. ನಾಳೆ 21ಕ್ಕೆ ಲಿಖಿತ ದೂರು ಕೊಡಬೇಕು ಅಂದುಕೊಂಡಿದ್ದೇನೆ. ರಾತ್ರಿ ಕೂತು ಬರೆದದ್ದು ಇದು:

"ವ್ಯವಸ್ಥಾಪಕರೇ, ನಿಮ್ಮ ಬ್ಯಾಂಕು ಜನರ ದುಡ್ಡು ನುಂಗಲು ಕೂತಿದೆ ಎಂದು ಈಗ ಗೊತ್ತಾಯಿತು. ನನ್ನ ಅಪ್ಪನ ಪಿಂಚಣಿ ಹಣ ಹತ್ತು ಸಾವಿರವನ್ನು ನಿಮ್ಮ ಎಟಿಎಂ ತಿಂದು ಹಾಕಿದೆ. ಕೇಳಲು ಬಂದರೆ ನಿಮ್ಮ ಸಿಬ್ಬಂದಿ ನಾಯಿಗಿಂತ ಕಡೆಯಾಗಿ ನೋಡಿದರು. ಎಷ್ಟು ಸಲ ಅಲೆಯಬೇಕು? ನಾಚಿಕೆ ಆಗುವುದಿಲ್ಲವೇ? ಇದು ಹಗಲು ದರೋಡೆ. ಕೂಡಲೇ ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ ಟಿವಿಯವರನ್ನು ಕರೆಸುತ್ತೇನೆ, ಕೋರ್ಟಿಗೂ ಹೋಗುತ್ತೇನೆ, ನಿಮ್ಮೆಲ್ಲರ ಕೆಲಸ ಕಳೆಸುತ್ತೇನೆ."

ಹೀಗೇ ಕೊಟ್ಟರೆ ಕೆಲಸ ಆಗಲ್ಲ ಅಂತ ಗೊತ್ತು. ಆದರೆ ತುಂಬಾ ಮೆತ್ತಗೆ ಬರೆದರೆ ಅದನ್ನು ಫೈಲಿನ ಅಡಿಗೆ ಸೇರಿಸಿಬಿಡುತ್ತಾರೆ. ಮಧ್ಯದ ದಾರಿ ಯಾವುದು?

ನೇರ ಮಾತು

ಮಧ್ಯದ ದಾರಿ ಏನೂ ಬೇಡ. ಈ ಕಾಗದವನ್ನೇ ಇಟ್ಟುಕೊಳ್ಳಿ, ಕೆಳಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪ್ರತಿ ಅಂತ ಹಾಕಿ ಕಳಿಸಿ. ಆ ಹೆಸರು ನೋಡಿದ ಕೂಡಲೇ ಓಡಿ ಬರುತ್ತಾರೆ. ಜೊತೆಗೆ ದಿನಕ್ಕೆ 100 ರೂಪಾಯಿ ದಂಡ ಇದೆ, ದೂರು ಕೊಟ್ಟ ದಿನದಿಂದ ಲೆಕ್ಕ. ಅದನ್ನೂ ಕೇಳಿ.

ಹಳೇ ಕೌಂಟರ್

ನಾನು ಬ್ಯಾಂಕಿನಲ್ಲಿ ಎಟಿಎಂ ದೂರುಗಳ ಮೇಜಿನಲ್ಲಿ ಕೂತು ನಿವೃತ್ತನಾದವನು. ನಿಮ್ಮ ಕಾಗದ ಆ ಮೇಜಿಗೆ ಬಂದರೆ ಏನಾಗುತ್ತದೆ ಅಂತ ಹೇಳುತ್ತೇನಮ್ಮ.

ಕಾಗದ ಓದುವವನು ಮೊದಲು ಅದನ್ನು ಒಂದು ವಿಭಾಗಕ್ಕೆ ಹಾಕಬೇಕು. ನಿಮ್ಮ ಕಾಗದದಲ್ಲಿ ತಾರೀಖಿಲ್ಲ, ಸಮಯವಿಲ್ಲ, ಖಾತೆಯ ಗುರುತಿಲ್ಲ, ಯಾವ ಎಟಿಎಂ ಅಂತಿಲ್ಲ. ಇರುವುದು "ನಾಯಿಗಿಂತ ಕಡೆಯಾಗಿ ನೋಡಿದರು" ಅನ್ನುವುದು. ಹಾಗಾಗಿ ಅದು ಸಿಬ್ಬಂದಿ ವರ್ತನೆಯ ದೂರು ಆಗಿ ದಾಖಲಾಗುತ್ತದೆ. ಅದೇ ಶಾಖೆಗೆ ವಾಪಸ್ ಹೋಗುತ್ತದೆ. ಶಾಖೆಯವರು "ಗ್ರಾಹಕರಿಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಎರಡು ಸಾಲು ಬರೆಯುತ್ತಾರೆ. ದೂರು ಮುಗಿಯಿತು. ಹಣವನ್ನು ಹುಡುಕಿದವರು ಯಾರೂ ಇಲ್ಲ, ಯಾಕೆಂದರೆ ಹುಡುಕಲು ಬೇಕಾದ್ದು ಕಾಗದದಲ್ಲಿ ಇರಲೇ ಇಲ್ಲ.

ಇನ್ನೊಂದು. "ಸರಿಯಾದ ಕ್ರಮ ತೆಗೆದುಕೊಳ್ಳಿ" ಅಂದಿದ್ದೀರಿ. "ಕ್ರಮ ತೆಗೆದುಕೊಳ್ಳಲಾಗಿದೆ" ಅಂತ ಉತ್ತರ ಬರುತ್ತದೆ. ಇಷ್ಟು ರೂಪಾಯಿ, ಈ ಖಾತೆಗೆ, ಈ ತಾರೀಖಿನೊಳಗೆ ಅಂತ ಕೇಳಿದರೆ ಆ ಉತ್ತರ ಕೊಡಲು ಆಗುವುದಿಲ್ಲ.

ಮೊದಲು ಇದನ್ನು ತಿಳಿಸಿ: ಕಾರ್ಡ್ ಕೊಟ್ಟ ಬ್ಯಾಂಕಿನದ್ದೇ ಎಟಿಎಂ ಆಗಿತ್ತಾ? ಚೀಟಿ ಬಂತಾ? ಹಣ ಬಾರದ ಮೇಲೆ ಅಪ್ಪ ಮತ್ತೊಮ್ಮೆ ಪ್ರಯತ್ನ ಮಾಡಿದರಾ?

ಕಡಲ ತೀರ

ನನಗೂ ಇದೇ ಆಗಿದೆ ಸರ್. ಫೋನ್ ನಂಬರ್ ಒಂದು ಅಂಕಿ ತಪ್ಪಿ ಬೇರೆ ಯಾರಿಗೋ ಯುಪಿಐನಲ್ಲಿ 4,000 ಹೋಯಿತು. ಅವರು ವಾಪಸ್ ಕೊಡುತ್ತಿಲ್ಲ. ನಾನೂ ದಿನಕ್ಕೆ 100 ರೂಪಾಯಿ ಕೇಳಬಹುದಾ?

ಹಳೇ ಕೌಂಟರ್

ಇಲ್ಲ, ಅದು ಬೇರೆ. ನಿಮ್ಮದರಲ್ಲಿ ವ್ಯವಹಾರ ಸರಿಯಾಗೇ ಮುಗಿದಿದೆ, ಹಣ ನೀವು ಹಾಕಿದ ನಂಬರಿಗೆ ತಲುಪಿದೆ. ದಿನಕ್ಕೆ 100 ಅನ್ನುವುದು ಅರ್ಧಕ್ಕೆ ನಿಂತ ವ್ಯವಹಾರಕ್ಕೆ ಮಾತ್ರ. ನೀವು ನಿಮ್ಮ ಬ್ಯಾಂಕಿಗೆ ಕೂಡಲೇ ತಿಳಿಸಿ, ಅವರು ಆ ಕಡೆಯ ಬ್ಯಾಂಕಿನ ಮೂಲಕ ಹಣ ಪಡೆದವರನ್ನು ಕೇಳಬೇಕು. ಬೇರೆ ಪ್ರಶ್ನೆಯಾಗಿ ಹಾಕಿದರೆ ಅಲ್ಲಿ ಮಾತಾಡೋಣ.

ತುಂಗೆಯ ದಡ

ಈಗ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ಎಟಿಎಂ ನಮ್ಮ ಬ್ಯಾಂಕಿನದ್ದಲ್ಲ, ಬೇರೆ ಬ್ಯಾಂಕಿನದ್ದು. ನಾನು ಸುಮ್ನೆ "ನಿಮ್ಮ ಎಟಿಎಂ" ಅಂತ ಬರೆದುಬಿಟ್ಟಿದ್ದೆ. ನಮ್ಮ ಶಾಖೆಯವರು "ಎಟಿಎಂ ಅವರದ್ದು, ಅಲ್ಲೇ ಕೇಳಿ" ಅಂದರು, ಅವರು "ಖಾತೆ ಅಲ್ಲಿದೆ, ಅಲ್ಲೇ ಕೇಳಿ" ಅಂದರು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. 10,000 ಬಾರದ ಮೇಲೆ ಅಪ್ಪ ಅಲ್ಲೇ ನಿಂತು ಮತ್ತೆ 5,000 ಹಾಕಿದ್ದಾರೆ. ಅದು ಬಂತಂತೆ! ಚೀಟಿಯೂ ಬಂದಿದೆ. ಮೊದಲನೆಯದಕ್ಕೆ ಯಂತ್ರ ಗರಗರ ಸದ್ದು ಮಾಡಿ ನಿಂತಿತು, ಚೀಟಿ ಬರಲಿಲ್ಲ. ಎಸ್ಎಂಎಸ್ ಎರಡೂ ಇವೆ: 6:42ಕ್ಕೆ 10,000, 6:46ಕ್ಕೆ 5,000. ಈ ಎರಡನೆಯದನ್ನು ಬರೆಯದೇ ಇರುವುದು ಒಳ್ಳೆಯದು ಅಲ್ವಾ? "ಅದೇ ಯಂತ್ರದಲ್ಲಿ ಹಣ ಬಂದಿದೆಯಲ್ಲ" ಅಂತ ತಿರುಗಿಸಿಬಿಡುತ್ತಾರೆ.

ಹಳೇ ಕೌಂಟರ್

ಖಂಡಿತ ಬರೆಯಿರಿ. ಇಡೀ ದೂರಿನಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಎಟಿಎಂ ಒಳಗೆ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ. ಕಾರ್ಡ್ ಹಾಕಿದ್ದು, ಮೊತ್ತ ಕೇಳಿದ್ದು, ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎತ್ತಿದ್ದು, ಹೊರಗೆ ಕೊಟ್ಟಿದ್ದು. ಅದನ್ನು ನಾವು ಇಜೆ ಅನ್ನುತ್ತೇವೆ. ನಿಮ್ಮ ದೂರು ಬಂದಾಗ ಎಟಿಎಂ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. 6:42ರ ಕೆಳಗೇ 6:46ರ ದಾಖಲೆ ಇರುತ್ತದೆ. ನೀವು ಬಚ್ಚಿಟ್ಟರೂ ಅವರಿಗೆ ಕಾಣುತ್ತದೆ. ಕಂಡಾಗ "ಗ್ರಾಹಕರು ಪೂರ್ತಿ ಹೇಳಿಲ್ಲ" ಅನ್ನುವ ಅನುಮಾನ ಹುಟ್ಟುತ್ತದೆ. ಇಲ್ಲವೇ ಅವಸರದಲ್ಲಿ 5,000ದ ಸಾಲು ನೋಡಿ, "ವ್ಯವಹಾರ ಯಶಸ್ವಿ" ಅಂತ ಬರೆದು ಕಳಿಸುತ್ತಾರೆ. ಹಾಗೆ ಆದದ್ದನ್ನು ನಾನು ನೋಡಿದ್ದೇನೆ.

ಅದರ ಬದಲು ನೀವೇ ಎರಡನ್ನೂ ಬೇರೆ ಬೇರೆ ಬರೆದು, "ನನ್ನ ದೂರು 6:42ರ 10,000ಕ್ಕೆ ಮಾತ್ರ, 6:46ರ 5,000 ಸಿಕ್ಕಿದೆ" ಅಂದರೆ ಆ ದಾರಿ ಮುಚ್ಚಿಹೋಗುತ್ತದೆ. ಓದುವವನಿಗೆ ನಿಮ್ಮ ಮೇಲೆ ನಂಬಿಕೆಯೂ ಬರುತ್ತದೆ. ಸಿಕ್ಕಿದ್ದನ್ನು ಸಿಕ್ಕಿದೆ ಅನ್ನುವವರು ಸಿಕ್ಕಿಲ್ಲ ಅಂದಾಗ ಕೇಳುತ್ತಾರೆ.

ಮತ್ತೆ, ಆ ಎರಡನೇ ಚೀಟಿಯಲ್ಲಿ ಎಟಿಎಂನ ಗುರುತಿನ ಸಂಖ್ಯೆ ಇರುತ್ತದೆ. ಮೊದಲನೆಯದಕ್ಕೆ ಚೀಟಿ ಬಾರದಿದ್ದರೂ ಯಂತ್ರ ಯಾವುದು ಅಂತ ಅದರಿಂದಲೇ ಸಾಬೀತಾಗುತ್ತದೆ. ಈಗಲೇ ಒಂದು ಫೋಟೋ ತೆಗೆದಿಡಿ, ಆ ಕಾಗದದ ಮೇಲಿನ ಅಕ್ಷರ ಬೇಗ ಮಾಸಿಹೋಗುತ್ತದೆ.

ನೋಟು ಒಳಗೇ ಸಿಕ್ಕಿಕೊಂಡರೆ ಅವು ಯಂತ್ರದ ಒಳಗಿನ ಬೇರೆ ಡಬ್ಬಿಗೆ ಬೀಳುತ್ತವೆ. ಯಂತ್ರ ಆಮೇಲೂ ಕೆಲಸ ಮಾಡಬಹುದು. ಹಣ ತುಂಬುವವರು ಬಂದು ಎಣಿಸಿದಾಗ 10,000 ಹೆಚ್ಚು ಸಿಗಬೇಕು. ಹಾಗಾಗಿ ದೂರಿನಲ್ಲಿ ಮೂರು ವಸ್ತು ಕೇಳಿ: ಆ ಹೊತ್ತಿನ ಇಜೆ ದಾಖಲೆ, ಆಮೇಲಿನ ಮೊದಲ ಎಣಿಕೆಯ ಹೆಚ್ಚು-ಕಡಿಮೆ ಲೆಕ್ಕ, ಕ್ಯಾಮೆರಾ ದೃಶ್ಯ. ದೃಶ್ಯವನ್ನು ಬಹಳ ಕಾಲ ಇಡುವುದಿಲ್ಲ, ಆದ್ದರಿಂದ "ಅಳಿಸದೆ ಕಾಪಾಡಿ" ಅಂತ ಇವತ್ತಿನ ಕಾಗದದಲ್ಲೇ ಬರೆಯಬೇಕು.

ದೂರು ಕೊಡಬೇಕಾದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅಂದರೆ ನಿಮ್ಮ ಶಾಖೆಗೆ. ಎಟಿಎಂ ಯಾರದ್ದಾದರೂ ಸರಿ. ಆ ಬ್ಯಾಂಕಿನ ಹತ್ತಿರ ಕೇಳುವುದು ಇವರ ಕೆಲಸ.

ನೇರ ಮಾತು

ಓಂಬುಡ್ಸ್‌ಮನ್ ವಿಷಯ ಏನೂ ಹೇಳಲಿಲ್ಲವಲ್ಲ ಸರ್?

ಹಳೇ ಕೌಂಟರ್

ಬರುತ್ತಿದ್ದೆ. ನೀವು ಹೇಳಿದ್ದರಲ್ಲಿ 100 ರೂಪಾಯಿ ಇದೆ ಅನ್ನುವುದು ನಿಜ, ಲೆಕ್ಕ ಶುರುವಾಗುವ ದಿನ ತಪ್ಪು. ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆ ಪ್ರಕಾರ, ಖಾತೆಯಿಂದ ಕಡಿತವಾಗಿ ಎಟಿಎಂನಿಂದ ಹಣ ಬಾರದಿದ್ದರೆ, ಆ ದಿನ ಬಿಟ್ಟು 5 ದಿನದೊಳಗೆ ಬ್ಯಾಂಕೇ ವಾಪಸ್ ಹಾಕಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕರು ದೂರು ಕೊಡುವವರೆಗೆ ಕಾಯುವಂತಿಲ್ಲ. ರಜೆ ಭಾನುವಾರ ಎಲ್ಲ ಸೇರಿಸಿಯೇ ಎಣಿಕೆ. ಇಲ್ಲಿ ಗಡುವು ಮಾರ್ಚ್ 8ಕ್ಕೆ ಮುಗಿಯಿತು. 9ರಿಂದ 21ರವರೆಗೆ 13 ದಿನ, 1,300 ರೂಪಾಯಿ.

ಓಂಬುಡ್ಸ್‌ಮನ್‌ಗೆ ಪ್ರತಿ ಹಾಕುವುದರಿಂದ ಏನೂ ಆಗುವುದಿಲ್ಲ. ಅವರಿಗೆ ನೇರವಾಗಿ ಬರೆದದ್ದನ್ನು ಮಾತ್ರ ದೂರು ಅಂತ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟಿರಬೇಕು. ಬ್ಯಾಂಕು ಇಲ್ಲ ಅಂದಿರಬೇಕು, ಅಥವಾ ಉತ್ತರ ತೃಪ್ತಿ ತಂದಿರಬಾರದು, ಅಥವಾ 30 ದಿನ ಉತ್ತರವೇ ಬಂದಿರಬಾರದು.

ಇನ್ನೊಂದು ಮಾತು ನೀವೂ ಗಮನಿಸಿ. ಓಂಬುಡ್ಸ್‌ಮನ್ ಯೋಜನೆಯಲ್ಲೇ ಒಂದು ಷರತ್ತಿದೆ: ನಿಂದನೆಯ ಭಾಷೆಯ ದೂರು ನಿಲ್ಲುವುದಿಲ್ಲ. ಬ್ಯಾಂಕಿಗೆ ಕೊಟ್ಟ ಈ ಕಾಗದವೇ ನಾಳೆ ಅಲ್ಲಿಗೆ ಲಗತ್ತಾಗಿ ಹೋಗುತ್ತದೆ. "ಹಗಲು ದರೋಡೆ", "ಕೆಲಸ ಕಳೆಸುತ್ತೇನೆ" ಎಲ್ಲ ಅಲ್ಲಿ ಓದುತ್ತಾರೆ. ಹಾಗಾಗಿ ಕಾಗದವನ್ನು ಶಾಖೆಯವರಿಗೆ ಅಂತ ಬರೆಯಬೇಡಿ. ಏನೂ ಗೊತ್ತಿಲ್ಲದ ಮೂರನೆಯವರು ಒಂದು ತಿಂಗಳ ನಂತರ ಓದುತ್ತಾರೆ ಅಂದುಕೊಂಡು ಬರೆಯಿರಿ.

ಧಾರವಾಡದಾಕಿ

ಎಲ್ಲ ಖರೇ ಸರ್. ಆದರೆ ನನಗೊಂದು ಬೇಸರ. ಎಲ್ಲಾ ತೆಗೆದು ತೆಗೆದು ಕೊನೆಗೆ ಒಂದು ಅರ್ಜಿ ನಮೂನೆ ಉಳಿಯುತ್ತದೆ. ಆ ಹಿರಿಯರಿಗೆ ಅವಮಾನ ಆಗಿದೆಯಲ್ಲ, ಅದು ಎಲ್ಲಿ ಹೋಯಿತು? ಸಿಟ್ಟು ಕಾಣಿಸದಿದ್ದರೆ ಇವರು ಎದ್ದು ನೋಡುವುದೇ ಇಲ್ರೀ. ನಾನು ಒಂದು ಕಚೇರಿಗೆ ಬಹಳ ಮರ್ಯಾದೆಯಿಂದ ಬರೆದು ಬರೆದು ಸುಸ್ತಾದೆ. ಕೊನೆಗೆ ಹೋಗಿ ಜೋರು ಮಾಡಿದ ಮೇಲೇ ಕೆಲಸ ಆಯಿತು.

ಅಕ್ಷರ ಪ್ರೀತಿ

ಅವಮಾನವನ್ನು ಬಿಡಬೇಕು ಅಂತ ಯಾರೂ ಹೇಳುತ್ತಿಲ್ಲ ಅಕ್ಕ. ತುಂಗೆಯವರೇ, ಶಾಖೆಯಲ್ಲಿ ಅಪ್ಪನಿಗೆ ನಿಜವಾಗಿ ಏನು ಹೇಳಿದರು? ಅವರ ಬಾಯಿಂದ ಬಂದ ಮಾತು ಬೇಕು.

ತುಂಗೆಯ ದಡ

"ಎಣಿಸಿಕೊಂಡು ಎಲ್ಲೋ ಇಟ್ಟು ಮರೆತಿರ್ತೀರಿ, ವಯಸ್ಸಾಯ್ತಲ್ಲ" ಅಂದರಂತೆ. ಮಾರ್ಚ್ 10ರಂದು, ಬೆಳಗ್ಗೆ, ಬೇರೆ ಗ್ರಾಹಕರ ಎದುರಿಗೆ. ಅಪ್ಪ ಮೇಷ್ಟ್ರಾಗಿದ್ದವರು. ಮನೆಗೆ ಬಂದು ಊಟ ಮಾಡಲಿಲ್ಲ. ನನಗೆ ಉರಿದದ್ದು ಅದಕ್ಕೇ.

ಅಕ್ಷರ ಪ್ರೀತಿ

ನೋಡಿ, "ನಾಯಿಗಿಂತ ಕಡೆಯಾಗಿ ನೋಡಿದರು" ಅನ್ನುವುದಕ್ಕಿಂತ ಈ ಮಾತೇ ಹೆಚ್ಚು ಚುಚ್ಚುತ್ತದೆ. ಮೊದಲನೆಯದನ್ನು ಅವರು "ಹಾಗೇನೂ ಇಲ್ಲ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಎರಡನೆಯದಕ್ಕೆ ಹೇಳಿದ್ದೋ ಇಲ್ಲವೋ ಅಂತ ಉತ್ತರ ಕೊಡಬೇಕು. ಹೇಳಿದ ಮಾತನ್ನು ಹಾಗೇ ಬರೆಯಿರಿ, ತಾರೀಖು ಹಾಕಿ. ಪಕ್ಕದಲ್ಲಿ ನಿಮ್ಮ ವಿಶೇಷಣ ಒಂದೂ ಬೇಡ. "ಉದ್ಧಟತನದಿಂದ" ಅಂತ ಸೇರಿಸಿದರೆ ಓದುವವರು ಆ ಪದದ ಮೇಲೆ ವಾದಕ್ಕಿಳಿಯುತ್ತಾರೆ.

ಇನ್ನು ನಿಮ್ಮ ಕರಡಿನ ಪ್ರಶ್ನೆಗಳು. "ನಾಚಿಕೆ ಆಗುವುದಿಲ್ಲವೇ", "ಎಷ್ಟು ಸಲ ಅಲೆಯಬೇಕು". ಇವಕ್ಕೆ ಯಾರೂ ಉತ್ತರ ಕೊಡಲಾರರು, ತೆಗೆಯಿರಿ. ಬೆದರಿಕೆ ಮೂರಿವೆ: ಟಿವಿ, ಕೋರ್ಟು, ಕೆಲಸ. ಇವುಗಳಲ್ಲಿ ನೀವು ಖಂಡಿತ ಮಾಡುವಂಥದ್ದು ಯಾವುದೂ ಇಲ್ಲ ಅನ್ನಿಸುತ್ತದೆ. ಖಂಡಿತ ಮಾಡುವ ಒಂದನ್ನೇ ಬರೆಯಿರಿ.

ನೇರ ಮಾತು

ವರ್ತನೆಯ ಮಾತು ಇದೇ ಕಾಗದದಲ್ಲಿ ಬಂದರೆ ಮತ್ತೆ ಸಿಬ್ಬಂದಿ ವರ್ತನೆಯ ವಿಭಾಗಕ್ಕೇ ಹೋಗುವುದಿಲ್ಲವಾ? ಸರ್ ಹೇಳಿದ್ದು ಅದೇ ಅಲ್ವಾ?

ಹಳೇ ಕೌಂಟರ್

ಒಳ್ಳೆಯ ಪ್ರಶ್ನೆ. ನನ್ನ ಅಭಿಪ್ರಾಯ: ಬೇರೆ ಕಾಗದ. ಇದರಲ್ಲಿ ಹಣ ಮಾತ್ರ.

ಧಾರವಾಡದಾಕಿ

ನಾನು ಒಪ್ಪಲ್ಲ. ಬೇರೆ ಕಾಗದ ಬರೆದರೆ ಅದನ್ನು ಯಾರೂ ಓದುವುದಿಲ್ಲ. ಹಣದ ಕಾಗದದಲ್ಲಿ ಇದ್ದರೆ ಮೇಲಿನವರ ತನಕ ಹೋಗುತ್ತದೆ. ಒಂದು ವಾಕ್ಯ ಇದ್ದರೆ ತಪ್ಪೇನು?

ಅಕ್ಷರ ಪ್ರೀತಿ

ವಿಷಯದ ಸಾಲಿನಲ್ಲಿ ಹಣ ಮಾತ್ರ ಇರಲಿ, ಆ ಒಂದು ವಾಕ್ಯ ನಡೆದ ಘಟನೆಗಳ ನಡುವೆ ತಾರೀಖಿನ ಕ್ರಮದಲ್ಲಿ ಬರಲಿ. ವಿಭಾಗಕ್ಕೆ ಹಾಕುವವರು ವಿಷಯದ ಸಾಲನ್ನೇ ನೋಡುವುದು. ಸರ್‌ಗೆ ಇದು ಒಪ್ಪಿಗೆ ಆಗಲಿಕ್ಕಿಲ್ಲ, ಆದರೆ ನಾನಾದರೆ ಹೀಗೆ ಮಾಡುತ್ತೇನೆ.

ತುಂಗೆಯ ದಡ

ಎಲ್ಲರ ಮಾತು ಇಟ್ಟುಕೊಂಡು ಮತ್ತೆ ಬರೆದೆ. ಅಪ್ಪನ ಹೆಸರಿನಲ್ಲಿ, ಅಪ್ಪನ ಸಹಿಯೊಂದಿಗೆ. ಖಾತೆ ಸಂಖ್ಯೆ ಮತ್ತು ಎಟಿಎಂ ಸಂಖ್ಯೆಯನ್ನು ಇಲ್ಲಿ ತೆಗೆದಿದ್ದೇನೆ.

"ವಿಷಯ: 03-03-2025ರಂದು ಎಟಿಎಂನಿಂದ ಹಣ ಬಾರದೆ ಖಾತೆಯಿಂದ ಕಡಿತವಾದ ₹10,000 ಮತ್ತು ವಿಳಂಬದ ಪರಿಹಾರ ಕೋರಿ.

ಮಾನ್ಯರೇ,

ನಾನು ನಿಮ್ಮ ಶಾಖೆಯ ಪಿಂಚಣಿ ಖಾತೆದಾರ. 03-03-2025ರ ಸಂಜೆ 6:42ಕ್ಕೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ ₹10,000 ಪಡೆಯಲು ಪ್ರಯತ್ನಿಸಿದೆ. ಯಂತ್ರದಿಂದ ಹಣವೂ ಬರಲಿಲ್ಲ, ಚೀಟಿಯೂ ಬರಲಿಲ್ಲ. ಖಾತೆಯಿಂದ ₹10,000 ಕಡಿತವಾಯಿತು. 6:46ಕ್ಕೆ ಅದೇ ಯಂತ್ರದಲ್ಲಿ ₹5,000 ಕೇಳಿದೆ. ಆ ಹಣ ನನಗೆ ಸಿಕ್ಕಿದೆ. ಈ ದೂರು 6:42ರ ₹10,000ಕ್ಕೆ ಮಾತ್ರ ಸಂಬಂಧಿಸಿದೆ.

04-03-2025ರಂದು ನಿಮ್ಮ ಶಾಖೆಗೆ ಬಂದು ತಿಳಿಸಿದೆ. ಎಟಿಎಂ ಇರುವ ಬ್ಯಾಂಕನ್ನು ಕೇಳಲು ಹೇಳಿದರು. ಅಲ್ಲಿ ನಿಮ್ಮನ್ನೇ ಕೇಳಲು ಹೇಳಿದರು. 10-03-2025ರಂದು ಮತ್ತೆ ಬಂದಾಗ ಕೌಂಟರಿನಲ್ಲಿ 'ಎಣಿಸಿಕೊಂಡು ಎಲ್ಲೋ ಇಟ್ಟು ಮರೆತಿರ್ತೀರಿ, ವಯಸ್ಸಾಯ್ತಲ್ಲ' ಎಂದರು. ದೂರನ್ನು ದಾಖಲಿಸಿಕೊಳ್ಳಲಿಲ್ಲ.

ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ ಈ ಹಣ 08-03-2025ರೊಳಗೆ ನನ್ನ ಖಾತೆಗೆ ಮರಳಬೇಕಿತ್ತು. ಇವತ್ತಿಗೆ 13 ದಿನ ತಡವಾಗಿದೆ. ಆದ್ದರಿಂದ ₹10,000, ಇವತ್ತಿನವರೆಗಿನ ಪರಿಹಾರ ₹1,300, ಮತ್ತು ಹಣ ಜಮೆಯಾಗುವವರೆಗೆ ದಿನಕ್ಕೆ ₹100 ನನ್ನ ಖಾತೆಗೆ ಹಾಕಬೇಕೆಂದು ಕೇಳುತ್ತೇನೆ.

ಹಣ ಬಂದಿದೆ ಎಂದು ಎಟಿಎಂ ಬ್ಯಾಂಕು ಹೇಳಿದರೆ, 6:42ರ ಇಜೆ ದಾಖಲೆ, ಅದರ ನಂತರದ ಮೊದಲ ನಗದು ಎಣಿಕೆಯ ಲೆಕ್ಕ ಮತ್ತು 6:40ರಿಂದ 6:50ರವರೆಗಿನ ಕ್ಯಾಮೆರಾ ದೃಶ್ಯವನ್ನು ನನಗೆ ತೋರಿಸಬೇಕು. ದೃಶ್ಯವನ್ನು ಅಳಿಸದೆ ಕಾಪಾಡುವಂತೆ ಆ ಬ್ಯಾಂಕಿಗೆ ಇವತ್ತೇ ತಿಳಿಸಿ.

30 ದಿನದೊಳಗೆ ಹಣ ಅಥವಾ ಲಿಖಿತ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ.

ಲಗತ್ತು: ಎರಡು ಎಸ್ಎಂಎಸ್‌ಗಳ ಪ್ರತಿ, ಪಾಸ್‌ಬುಕ್ ಪುಟ, 6:46ರ ಎಟಿಎಂ ಚೀಟಿಯ ಪ್ರತಿ."

ಓದಿ ಹೇಳಿದಾಗ ಅಪ್ಪ "ಇದು ಸರಿಯಾಗಿದೆ" ಅಂದರು. ಮೊದಲಿನದಕ್ಕೆ ಸಹಿ ಹಾಕುವುದಿಲ್ಲ ಅಂದಿದ್ದರು.

ಹಳೇ ಕೌಂಟರ್

ಚೆನ್ನಾಗಿದೆ. ಈ ಕಾಗದವನ್ನು ಪಕ್ಕಕ್ಕಿಡುವುದು ಕಷ್ಟ. ವಿಷಯದ ಸಾಲಿನಲ್ಲಿ ಮೊತ್ತ ಮತ್ತು ತಾರೀಖು ಬಂದಿದ್ದರಿಂದ ನೇರ ಎಟಿಎಂ ಮೇಜಿಗೇ ಹೋಗುತ್ತದೆ.

ಎರಡು ತಿದ್ದುಪಡಿ. ಕೊನೆಯಲ್ಲಿ 30 ದಿನ ಅಂತ ಮಾತ್ರ ಬರೆದರೆ ನೀವೇ ಅವರಿಗೆ 30 ದಿನ ಬಿಡುವು ಕೊಟ್ಟಂತೆ. ಹಣಕ್ಕೆ 7 ದಿನ ಕೇಳಿ, ಓಂಬುಡ್ಸ್‌ಮನ್ ಮಾತಿಗೆ ಮಾತ್ರ 30 ದಿನ ಇಡಿ. ಇನ್ನು "ತೋರಿಸಬೇಕು" ಅಂದಿದ್ದೀರಿ. ಕ್ಯಾಮೆರಾ ದೃಶ್ಯವನ್ನು ಗ್ರಾಹಕರ ಕೈಗೆ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ, ಅಲ್ಲಿ ಬೇರೆಯವರೂ ಕಾಣುತ್ತಾರೆ. "ಪರಿಶೀಲಿಸಿ, ಏನು ಕಂಡಿತು ಎಂದು ಬರವಣಿಗೆಯಲ್ಲಿ ತಿಳಿಸಿ" ಅನ್ನಿ. ಇಲ್ಲ ಅನ್ನಲು ಅವರಿಗೆ ಕಾರಣ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಇಜೆಯಲ್ಲಿ ನೋಟು ಹೊರಗೆ ಹೋಗಿದೆ ಅಂತಲೇ ಇದ್ದು, ಎಣಿಕೆಯಲ್ಲೂ ಹೆಚ್ಚು ಹಣ ಸಿಗದಿದ್ದರೆ ಬ್ಯಾಂಕು ಒಪ್ಪುವುದಿಲ್ಲ. ಆಗ 1,300ರ ಮಾತೂ ನಿಲ್ಲುವುದಿಲ್ಲ, ಯಾಕೆಂದರೆ ಪರಿಹಾರ ಹಣ ಬಾರದ ವ್ಯವಹಾರಕ್ಕೆ ಮಾತ್ರ. ಆಮೇಲೆ ಕ್ಯಾಮೆರಾ ದೃಶ್ಯವೇ ಗತಿ. ಅದಕ್ಕೇ ಆ ಸಾಲು ಬೇಕೇ ಬೇಕು.

ಧಾರವಾಡದಾಕಿ

ಕಾಗದ ಗಟ್ಟಿಯಾಗಿದೆ, ಒಪ್ಪಿದೆ. ಆ ಒಂದು ವಾಕ್ಯ ಓದಿದಾಗ ನನಗೇ ಹೊಟ್ಟೆಯಲ್ಲಿ ಸಂಕಟ ಆಯಿತು. ಅಂದಹಾಗೆ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದಾ? ಅಲ್ಲಿ ಓದುವವರು ಕನ್ನಡದವರು ಇಲ್ಲದಿದ್ದರೆ?

ಹಳೇ ಕೌಂಟರ್

ಶಾಖೆಗೆ ಕನ್ನಡದಲ್ಲೇ ಕೊಡಬಹುದು. ಆದರೆ ಎಟಿಎಂ ದೂರು ನೋಡುವ ವಿಭಾಗ ಬೇರೆ ಊರಲ್ಲಿ ಇರುತ್ತದೆ. ಹಾಗಾಗಿ ವಿಷಯದ ಸಾಲು, ತಾರೀಖು, ಮೊತ್ತ, ಎಟಿಎಂ ಸಂಖ್ಯೆಯನ್ನು ಮೇಲೆ ಇಂಗ್ಲಿಷಿನಲ್ಲೂ ಒಂದು ಸಾಲು ಬರೆದುಬಿಡಿ. ಓಂಬುಡ್ಸ್‌ಮನ್ ತನಕ ಹೋದರೆ `cms.rbi.org.in` ನಲ್ಲಿ ಹಾಕಬಹುದು. ಅಂಚೆಯಲ್ಲಿ ಚಂಡೀಗಡದ ಕೇಂದ್ರಕ್ಕೆ ಕಳಿಸುವುದಾದರೆ ಯಾವ ಭಾಷೆಯಲ್ಲಾದರೂ ಬರೆಯಬಹುದು. ಕೇಳಿ ತಿಳಿದುಕೊಳ್ಳಲು 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ.

ನೇರ ಮಾತು

ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳಿ ಮೇಡಂ, ಅದು ಮಾತ್ರ ಮರೆಯಬೇಡಿ. ಸೀಲು ಹಾಕಲ್ಲ ಅಂದರೆ ಅಲ್ಲೇ ನಿಂತುಕೊಳ್ಳಿ.

ಹಳೇ ಕೌಂಟರ್

ಈ ಸಲ ನೇರ ಮಾತು ಅವರು ಹೇಳಿದ್ದು ಪೂರ್ತಿ ಸರಿ. 30 ದಿನದ ಎಣಿಕೆ ಬ್ಯಾಂಕಿಗೆ ಕಾಗದ ತಲುಪಿದ ದಿನದಿಂದ. ಸೀಲಿನಲ್ಲಿ ತಾರೀಖು ಓದುವಂತಿರಬೇಕು. ಹಾಕದಿದ್ದರೆ ಜಗಳ ಬೇಡ, ಅವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಜೊತೆಗೆ ಬ್ಯಾಂಕಿನ ಜಾಲತಾಣದಲ್ಲೂ ಇದೇ ಮಾತನ್ನು ಹಾಕಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ತುಂಗೆಯ ದಡ

ಕೊಟ್ಟು ಬಂದೆವು. ಅಪ್ಪನೇ ಕೌಂಟರಿನಲ್ಲಿ ಕೊಟ್ಟರು. ಅವರು ಓದಿ ಒಳಗೆ ಹೋಗಿ ಮ್ಯಾನೇಜರ್‌ಗೆ ತೋರಿಸಿದರು. ಮ್ಯಾನೇಜರ್ ಹೊರಗೆ ಬಂದು, 10ನೇ ತಾರೀಖಿನ ಮಾತನ್ನು ತೆಗೆದು ಬೇರೆ ಕಾಗದ ಕೊಡಲು ಆಗುತ್ತದಾ ಅಂತ ಕೇಳಿದರು. ಅಪ್ಪ ಆಗುವುದಿಲ್ಲ ಅಂದರು. ಸೀಲು ಬಿತ್ತು, 21-03-2025 ಅಂತ ಸ್ಪಷ್ಟವಾಗಿದೆ. ಚೀಟಿಯ ಪ್ರತಿ ನೋಡಿ ಎಟಿಎಂ ಸಂಖ್ಯೆಯನ್ನು ನಮ್ಮ ಎದುರಿಗೇ ಕಂಪ್ಯೂಟರಿಗೆ ಹಾಕಿಕೊಂಡರು, ದೂರಿನ ಸಂಖ್ಯೆ ಫೋನಿಗೆ ಬಂದಿದೆ. ಹಣ ಇನ್ನೂ ಬಂದಿಲ್ಲ.

ಧಾರವಾಡದಾಕಿ

ಆ ವಾಕ್ಯವನ್ನೇ ತೆಗೆಯಿರಿ ಅಂದರು ನೋಡಿ!

ಹಳೇ ಕೌಂಟರ್

ನೋಡಿದೆ. ಆದರೂ ಅದೇ ಕಾರಣಕ್ಕೆ ಈ ಕಾಗದ ಶಾಖೆಯಲ್ಲೇ ಎರಡು ದಿನ ಉಳಿದರೆ ಅಂತ ನನಗೆ ಅನುಮಾನ. 28ರವರೆಗೆ ನೋಡಿ. ಸಂಖ್ಯೆ ಹಾಕಿ ಸ್ಥಿತಿ ನೋಡಿದಾಗ ಎಟಿಎಂ ಬ್ಯಾಂಕಿಗೆ ಹೋಗಿದೆ ಅಂತ ಬಾರದಿದ್ದರೆ, ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಇದೇ ಕಾಗದದ ಪ್ರತಿಯನ್ನು ಸೀಲು ಸಮೇತ ಕಳಿಸಿ, ಒಂದಕ್ಷರವನ್ನೂ ಬದಲಿಸಬೇಡಿ.